ತಿಂಗಳ ಕೊನೆಯ ಕೆಲಸದ ದಿನಕ್ಕೆ ಹಾಕಿದ ರಿಮೈಂಡರ್ ತಪ್ಪು ದಿನ ಬರುತ್ತಿದೆಯೇ?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ. ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ, ಜೊತೆಗೆ ಯಾರದ್ದಾದರೂ ಮೊಬೈಲ್ ಹಠ ಹಿಡಿದರೆ ಅದನ್ನೂ ನೋಡುತ್ತೇನೆ. ನಮ್ಮ ಭಾವ ಹೊಸನಗರದ ಕಡೆ ಒಂದು ಹಳ್ಳಿಯ ಸಂಘದ ಲೆಕ್ಕ ಬರೆಯುತ್ತಾರೆ. ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಬ್ಯಾಂಕಿಗೆ ಹೋಗಿ, ಕೈಯಲ್ಲಿರುವ ಹಣ ಕಟ್ಟಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುವುದು ಅವರ ಪದ್ಧತಿ. ಜನವರಿ 31ರಂದು ಬ್ಯಾಂಕಿನಲ್ಲೇ ಕೂತು ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳೂ ನೆನಪಿಸು ಎಂದು ಹಾಕಿಕೊಂಡಿದ್ದರು. ಫೆಬ್ರವರಿಯಲ್ಲಿ ಮೊಬೈಲ್ ಸದ್ದೇ ಮಾಡಲಿಲ್ಲ. 28ರಂದು ತಾವಾಗಿಯೇ ನೆನಪಾಗಿ ಬಸ್ಸು ಹತ್ತಿದರೆ, ಬ್ಯಾಂಕಿನ ಷಟರ್ ಎಳೆದಿತ್ತು. ಅವತ್ತು ನಾಲ್ಕನೇ ಶನಿವಾರ.

"ಈ ಕ್ಯಾಲೆಂಡರ್ ಸುಳ್ಳು ಹೇಳ್ತದೆ ಮಾರಾಯ" ಎಂದು ಮೊಬೈಲನ್ನು ನನ್ನ ಟೇಬಲ್ ಮೇಲಿಟ್ಟರು.

"ಸುಳ್ಳಲ್ಲ ಭಾವ, ನೀವು ಹೇಳಿದ್ದನ್ನೇ ಅದು ಮಾಡಿದೆ" ಎಂದೆ. ಅವರು ಹೇಳಿದ್ದು "31ನೇ ತಾರೀಖು" ಎಂದು. ಬೇಕಾಗಿದ್ದದ್ದು "ಕೊನೆಯ ಕೆಲಸದ ದಿನ". ಇವೆರಡರ ನಡುವೆ ನಾಲ್ಕೈದು ಕಡೆ ಕಾಲು ಜಾರುತ್ತದೆ. ಎಲ್ಲಿ ಜಾರಿದೆ ಎಂದು ಕಂಡುಹಿಡಿಯುವ ದಾರಿ ಇಲ್ಲಿದೆ.

## ಏನನ್ನೂ ಬದಲಿಸುವ ಮೊದಲು: ಮೂರು ತಿಂಗಳು ನೋಡಿ

ಮೊದಲ ಪ್ರಶ್ನೆ ಮೊಬೈಲಿನದಲ್ಲ. ಯಾರ ಕೆಲಸದ ದಿನ? ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ರಾಜ್ಯ ಸರ್ಕಾರದ ಕಚೇರಿಗಳಿಗೂ 2019ರಿಂದ ನಾಲ್ಕನೇ ಶನಿವಾರ ಸೇರಿ ಅದೇ ಲೆಕ್ಕ. ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವ ಹುಡುಗರಿಗೆ ಶನಿವಾರವೇ ಇಲ್ಲ. ಅಡಿಕೆ ಮಂಡಿಯವರಿಗೋ, ಅಂಗಡಿಯವರಿಗೋ ಭಾನುವಾರ ಬಿಟ್ಟರೆ ಎಲ್ಲವೂ ಕೆಲಸದ ದಿನ. ನಿಮ್ಮದು ಯಾವುದು ಎಂದು ತೀರ್ಮಾನಿಸಿಕೊಂಡು ಮುಂದೆ ಹೋಗಿ.

ಆಮೇಲೆ ಕ್ಯಾಲೆಂಡರ್ ತೆರೆದು 2026ರ ಫೆಬ್ರವರಿ, ಮೇ, ಆಗಸ್ಟ್ ಈ ಮೂರು ತಿಂಗಳುಗಳಲ್ಲಿ ನಿಮ್ಮ ರಿಮೈಂಡರ್ ಎಲ್ಲಿ ಕೂತಿದೆ ನೋಡಿ. ರಿಮೈಂಡರ್ ಶುರುವಾದದ್ದೇ ಫೆಬ್ರವರಿ ಆದಮೇಲಾದರೆ ಆ ತಿಂಗಳ ಬದಲು ಜೂನ್ ನೋಡಿ. ಖರ್ಚಿಲ್ಲ, ಏನೂ ಕೆಡುವುದಿಲ್ಲ. ಈ ಮೂರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಫೆಬ್ರವರಿ ಮುಗಿಯುವುದು ನಾಲ್ಕನೇ ಶನಿವಾರ. ಮೇ 31 ಭಾನುವಾರ, ಅದರ ಹಿಂದಿನ ದಿನ ಐದನೇ ಶನಿವಾರ. ಆಗಸ್ಟ್‌ನಲ್ಲೂ ಐದನೇ ಶನಿವಾರ ಇದೆ, ಆದರೆ ತಿಂಗಳು ಮುಗಿಯುವುದು ಸೋಮವಾರ. ಯಾವ ತಪ್ಪು ನಿಯಮ ಹಾಕಿದ್ದರೂ ಇವುಗಳಲ್ಲಿ ಒಂದು ಕಡೆ ಸಿಕ್ಕಿಬೀಳುತ್ತದೆ.

ಸರಿಯಾದ ಉತ್ತರ ಹೀಗಿರಬೇಕು:

| ಯಾರಿಗೆ | ಫೆಬ್ರವರಿ | ಮೇ | ಆಗಸ್ಟ್ |
|---|---|---|---|
| ಸೋಮ–ಶುಕ್ರ ಕಚೇರಿ | 27 ಶುಕ್ರ | 29 ಶುಕ್ರ | 31 ಸೋಮ |
| ಬ್ಯಾಂಕ್, ರಾಜ್ಯ ಸರ್ಕಾರ | 27 ಶುಕ್ರ | 30 ಶನಿ | 31 ಸೋಮ |
| ಸೋಮ–ಶನಿ ಅಂಗಡಿ | 28 ಶನಿ | 30 ಶನಿ | 31 ಸೋಮ |

ನಿಮ್ಮ ಮೊಬೈಲಿನಲ್ಲಿ ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನದ್ದೆಲ್ಲ ಅದರ ಮೇಲೆ.

## ಕೆಲವು ತಿಂಗಳು ರಿಮೈಂಡರೇ ಇಲ್ಲ

ಫೆಬ್ರವರಿ ಅಥವಾ ಜೂನ್ ಖಾಲಿ, ಮೇ ಮತ್ತು ಆಗಸ್ಟ್‌ನಲ್ಲಿ 31ಕ್ಕೆ ಕೂತಿದೆ. ಇದು ಭಾವನ ಕೇಸು. ರಿಮೈಂಡರ್ ತೆರೆದು ನೋಡಿದರೆ `Monthly on day 31` ಎಂದು ಇರುತ್ತದೆ. ಕ್ಯಾಲೆಂಡರ್‌ಗಳು ಪರಸ್ಪರ ಮಾತಾಡಿಕೊಳ್ಳುವ ಐಕ್ಯಾಲೆಂಡರ್ ಎಂಬ ಒಪ್ಪಂದದಲ್ಲೇ ಹೀಗೆ ಬರೆದಿದೆ: ಇಲ್ಲದ ತಾರೀಖು ಬಂದರೆ ಆ ಸಲದ್ದನ್ನು ಬಿಟ್ಟುಬಿಡಬೇಕು, ಹಿಂದಕ್ಕೂ ಮುಂದಕ್ಕೂ ಸರಿಸಬಾರದು. ಹಾಗಾಗಿ ವರ್ಷಕ್ಕೆ ಏಳೇ ಸಲ ಬರುತ್ತದೆ. ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಐದೂ ಖಾಲಿ.

ಕಂಪ್ಯೂಟರಿನ ಹಳೆಯ ಔಟ್‌ಲುಕ್ ಮಾತ್ರ ಇದಕ್ಕೆ ಅಪವಾದ. ಅಲ್ಲಿ 31 ಎಂದು ಹಾಕಿದರೆ, ಚಿಕ್ಕ ತಿಂಗಳಲ್ಲಿ ಕೊನೆಯ ದಿನಕ್ಕೆ ಹಾಕುತ್ತೇನೆ ಎಂದು ಅದೇ ಹೇಳಿ ಹಾಗೇ ಮಾಡುತ್ತದೆ. ಖಾಲಿ ಬೀಳುವುದು ತಪ್ಪಿತು ನಿಜ, ಆದರೆ ಅದು ಕೊನೆಯ ದಿನ ಅಷ್ಟೇ. ಮೇ 31ರ ಭಾನುವಾರವೂ ಗಂಟೆ ಬಾರಿಸುತ್ತದೆ. ಭಾನುವಾರ ರಿಮೈಂಡರ್ ಬರುತ್ತಿದೆ ಎಂದು ದೂರುವವರದ್ದು ಬಹುಮಟ್ಟಿಗೆ ಇದೇ.

30 ಎಂದೋ 28 ಎಂದೋ ಬದಲಿಸಿಕೊಂಡರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಯಾವ ತಾರೀಖು ಹಾಕಿದರೂ ಅದಕ್ಕೆ ವಾರ ಗೊತ್ತಿಲ್ಲ.

## ಬರುತ್ತದೆ, ಆದರೆ ಮೂರು–ನಾಲ್ಕು ದಿನ ಮುಂಚೆಯೇ

ಫೆಬ್ರವರಿ 27, ಮೇ 29, ಆಗಸ್ಟ್ 28. ಮೂರೂ ಶುಕ್ರವಾರ. ಅಂದರೆ ನೀವು ಹಾಕಿರುವುದು `Monthly on the last Friday`. ಗೂಗಲ್ ಕ್ಯಾಲೆಂಡರ್‌ನಲ್ಲಿ ಕೊನೆಯ ಕೆಲಸದ ದಿನ ಎಂಬ ಆಯ್ಕೆ ಕಾಣದಿದ್ದಾಗ ಎಲ್ಲರ ಕೈಯೂ ಇದರ ಮೇಲೆ ಹೋಗುತ್ತದೆ, ಯಾಕೆಂದರೆ ಹಾಕಿದ ತಿಂಗಳು ಸರಿಯಾಗಿ ಕಾಣುತ್ತದೆ. 2026ರಲ್ಲಿ ಕೊನೆಯ ಶುಕ್ರವಾರವೂ ಸೋಮ–ಶುಕ್ರ ಲೆಕ್ಕದ ಕೊನೆಯ ಕೆಲಸದ ದಿನವೂ ಒಂದೇ ಆಗುವುದು ಜನವರಿ, ಫೆಬ್ರವರಿ, ಮೇ, ಜುಲೈ, ಅಕ್ಟೋಬರ್ ಈ ಐದು ತಿಂಗಳು. ಉಳಿದ ಏಳರಲ್ಲಿ ಬೇಗ ಬರುತ್ತದೆ. ಏಪ್ರಿಲ್‌ನಲ್ಲಂತೂ 24ಕ್ಕೇ ಬಂದು ಕೂರುತ್ತದೆ, ತಿಂಗಳು ಮುಗಿಯುವುದು 30ರ ಗುರುವಾರ.

ಇದನ್ನು ಸರಿಮಾಡುವ ಸುಲಭದ ದಾರಿ ನಿಮ್ಮ ಕೈಯಲ್ಲಿರುವ ಸಾಧನದ ಮೇಲೆ ಹೋಗುತ್ತದೆ. ಔಟ್‌ಲುಕ್‌ನಲ್ಲಿ ತಿಂಗಳ ಪುನರಾವರ್ತನೆಯ ಜಾಗದಲ್ಲಿ `The last weekday of every 1 month(s)` ಎಂದು ಆರಿಸಬಹುದು. ಐಫೋನಿನ ಕ್ಯಾಲೆಂಡರ್‌ನಲ್ಲಿ `Repeat`, `Custom`, `Monthly`, `On the...` ಎಂದು ಒಳಗೆ ಹೋದರೆ ಎರಡು ಚಕ್ರಗಳು ತಿರುಗುತ್ತವೆ. ಒಂದರಲ್ಲಿ `last`, ಇನ್ನೊಂದರಲ್ಲಿ `weekday`. ಎರಡನೇ ಚಕ್ರದಲ್ಲಿ `day` ಎಂದೂ ಇರುತ್ತದೆ. ಅದನ್ನು ಒತ್ತಿದರೆ ಮತ್ತೆ ಭಾನುವಾರದ ಕಥೆ.

ಈ ಎರಡನ್ನು ಬಳಸುವ, ಶನಿವಾರದ ಗೊಡವೆ ಇಲ್ಲದವರು ಇಲ್ಲಿಗೆ ನಿಲ್ಲಿಸಬಹುದು. ಗೂಗಲ್ ಬಳಸುವವರಿಗೆ ದಾರಿ ಮುಂದಿನ ಭಾಗದ ಕಡತದಲ್ಲಿದೆ. ಮೂರು ತಿಂಗಳ ಪರೀಕ್ಷೆ ಇನ್ನೊಮ್ಮೆ ಮಾಡಿ, ಸರಿ ಬಂದರೆ ಮುಗಿಯಿತು.

## ಹೆಚ್ಚಿನ ತಿಂಗಳು ಸರಿ, ವರ್ಷಕ್ಕೆ ಎರಡು–ಮೂರು ಸಲ ಒಂದೇ ದಿನ ಹಿಂದೆ

ನಮ್ಮೂರಲ್ಲಿ ಜನರನ್ನು ಹೆಚ್ಚು ಕಾಡುವುದು ಇದು. ಪರದೇಶದಲ್ಲಿ ಮಾಡಿದ ಕ್ಯಾಲೆಂಡರ್‌ಗೆ ನಮ್ಮ ಶನಿವಾರ ಗೊತ್ತಿಲ್ಲ. ಅದರ `weekday` ಎಂದರೆ ಸೋಮವಾರದಿಂದ ಶುಕ್ರವಾರ, ಅಷ್ಟೇ. ಭಾವನಿಗೆ ನಾನು ಮೊದಲು ಹಾಕಿಕೊಟ್ಟದ್ದೂ ಇದನ್ನೇ. ಹಾಕಿ ಮುಂದಿನ ತಿಂಗಳುಗಳನ್ನು ತಿರುವಿ ನೋಡಿದರೆ ಮೇ 29ರ ಶುಕ್ರವಾರ ತೋರಿಸುತ್ತಿತ್ತು.

"30 ಶನಿವಾರ ಬ್ಯಾಂಕ್ ಉಂಟಲ್ಲ, ಐದನೇ ಶನಿವಾರ" ಎಂದರು ಭಾವ, ಬೆರಳಲ್ಲೇ ಎಣಿಸಿ. ಶುಕ್ರವಾರವೇ ಹೋಗಿ ಬಂದರೆ ಶನಿವಾರ ಸಂಗ್ರಹವಾದ ಹಣ ಮುಂದಿನ ತಿಂಗಳ ಪುಟಕ್ಕೆ ಹೋಗುತ್ತದೆ, ತಿಂಗಳ ತಾಳೆ ಕೂಡುವುದಿಲ್ಲ ಎಂಬುದು ಅವರ ತಕರಾರು. ನ್ಯಾಯವಾದದ್ದೇ.

ಇಲ್ಲಿ ಸ್ವಲ್ಪ ಕೂತು ಯೋಚಿಸಿದರೆ ಕೆಲಸ ಹಗುರಾಗುತ್ತದೆ. ಬ್ಯಾಂಕ್ ತೆರೆಯುವುದು ಒಂದನೇ, ಮೂರನೇ, ಐದನೇ ಶನಿವಾರ. ಒಂದನೆಯದೂ ಮೂರನೆಯದೂ ತಿಂಗಳ ಕೊನೆಗೆ ಬರುವ ಮಾತೇ ಇಲ್ಲ, ಮೂರನೇ ಶನಿವಾರ ತಡವಾದರೂ 21ಕ್ಕೆ ಮುಗಿಯುತ್ತದೆ. ಹಾಗಾಗಿ ನಮಗೆ ಮುಖ್ಯವಾದದ್ದು ಐದನೆಯದೊಂದೇ. ಅದು ಬರುವುದು 29, 30 ಅಥವಾ 31ಕ್ಕೆ. ಅದೇ ತಿಂಗಳ ಕೊನೆಯ ದಿನವಾಗಿದ್ದರೆ, ಅಥವಾ ಅದರ ಮುಂದೆ ಒಂದು ಭಾನುವಾರ ಮಾತ್ರ ಉಳಿದಿದ್ದರೆ, ಆ ಶನಿವಾರವೇ ನಮ್ಮ ದಿನ. 2026ರಲ್ಲಿ ಹೀಗಾಗುವುದು ಜನವರಿ 31, ಮೇ 30, ಅಕ್ಟೋಬರ್ 31. ಮೂರೇ ಸಲ. ಆಗಸ್ಟ್ 29 ಐದನೇ ಶನಿವಾರವೇ ಆದರೂ 31ರ ಸೋಮವಾರ ಅದನ್ನು ದಾಟಿಹೋಗುತ್ತದೆ.

ಕ್ಯಾಲೆಂಡರ್ ಭಾಷೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಬಹುದು:

```
RRULE:FREQ=MONTHLY;BYDAY=MO,TU,WE,TH,FR,5SA;BYSETPOS=-1
```

ಓದುವುದು ಹೀಗೆ: ಪ್ರತಿ ತಿಂಗಳೂ, ಸೋಮದಿಂದ ಶುಕ್ರದವರೆಗಿನ ಎಲ್ಲ ದಿನಗಳನ್ನೂ ಐದನೇ ಶನಿವಾರವನ್ನೂ ಸಾಲಾಗಿ ನಿಲ್ಲಿಸು, ಆ ಸಾಲಿನಲ್ಲಿ ಕೊನೆಯಿಂದ ಒಂದನೆಯದನ್ನು ಎತ್ತಿಕೊ. `BYSETPOS=-1` ಎಂದರೆ ಕೊನೆಯಿಂದ ಒಂದು. ಐದನೇ ಶನಿವಾರ ಇಲ್ಲದ ತಿಂಗಳಲ್ಲಿ `5SA` ಸುಮ್ಮನೆ ಕೂರುತ್ತದೆ. ಸೋಮ–ಶನಿ ಅಂಗಡಿಯವರು `5SA` ಬದಲು `SA` ಎಂದು ಬರೆದರೆ ಸಾಕು. ಬ್ಯಾಂಕುಗಳಿಗೆ ಎಂದಾದರೂ ವಾರಕ್ಕೆ ಐದೇ ದಿನ ಕೆಲಸ ಎಂದಾದರೆ, ಆವತ್ತು `,5SA` ಅಳಿಸಿಬಿಡಿ.

ಗೂಗಲ್ ಕ್ಯಾಲೆಂಡರ್‌ನ ಪರದೆಯಲ್ಲಿ ಈ ಸಾಲನ್ನು ಬರೆಯಲು ಜಾಗವಿಲ್ಲ. ಕಡತ ಮಾಡಿ ಒಳಗೆ ತಳ್ಳಬೇಕು. ನೋಟ್‌ಪ್ಯಾಡ್‌ನಲ್ಲಿ ಇಷ್ಟು ಬರೆಯಿರಿ:

```
BEGIN:VCALENDAR
VERSION:2.0
PRODID:-//mane//lekka//KN
BEGIN:VEVENT
UID:tingala-kone-1@mane
DTSTAMP:20260101T000000Z
DTSTART;VALUE=DATE:20260131
RRULE:FREQ=MONTHLY;BYDAY=MO,TU,WE,TH,FR,5SA;BYSETPOS=-1
SUMMARY:ಬ್ಯಾಂಕ್ ಪಾಸ್‌ಬುಕ್ ಎಂಟ್ರಿ
END:VEVENT
END:VCALENDAR
```

ಉಳಿಸುವಾಗ ಹೆಸರು `kone.ics`, ಕಡತದ ಬಗೆ `All files`, ಎನ್‌ಕೋಡಿಂಗ್ `UTF-8`. ಬಗೆ ಬದಲಿಸದಿದ್ದರೆ ಹೆಸರು `kone.ics.txt` ಆಗಿ ಕ್ಯಾಲೆಂಡರ್ ಅದನ್ನು ಮುಟ್ಟುವುದಿಲ್ಲ. ಎನ್‌ಕೋಡಿಂಗ್ ತಪ್ಪಿದರೆ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಆಮೇಲೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು `Settings` ಒಳಗಿನ `Import & export`ಗೆ ಹೋಗಿ. ಮೊಬೈಲ್ ಆ್ಯಪ್‌ನಲ್ಲಿ ಹುಡುಕಬೇಡಿ, ಈ ಕೆಲಸ ಕಂಪ್ಯೂಟರಿನಲ್ಲೇ ಆಗಬೇಕು.

ಒಂದು ಎಚ್ಚರಿಕೆ, ಇದನ್ನು ದಾಟಬೇಡಿ. ಕಡತವನ್ನು ನೇರವಾಗಿ ನಿಮ್ಮ ಮುಖ್ಯ ಕ್ಯಾಲೆಂಡರ್‌ಗೆ ಹಾಕಬೇಡಿ. ಮೊದಲು `Create new calendar` ಎಂದು ಕೊಟ್ಟು "ತಿಂಗಳ ಕೊನೆ" ಎಂಬ ಹೊಸದನ್ನು ಮಾಡಿ, ಅದಕ್ಕೇ ಹಾಕಿ. ಏನಾದರೂ ಎಡವಟ್ಟಾದರೆ ಆ ಕ್ಯಾಲೆಂಡರನ್ನೇ ಅಳಿಸಿದರೆ ಮನೆ ಸ್ವಚ್ಛ. ಮುಖ್ಯ ಕ್ಯಾಲೆಂಡರಿನಲ್ಲಿ ಚೆಲ್ಲಿದರೆ ಮದುವೆ, ಡಾಕ್ಟರು, ಎಲ್‌ಐಸಿ ಕಂತಿನ ನಡುವೆ ಒಂದೊಂದೇ ಹೆಕ್ಕುತ್ತ ಕೂರಬೇಕು.

ಹಾಕಿದ ಮೇಲೆ ಮೂರು ತಿಂಗಳ ಪರೀಕ್ಷೆ. ಫೆಬ್ರವರಿ 27, ಮೇ 30, ಆಗಸ್ಟ್ 31 ಬಂದರೆ ಗೆದ್ದಿರಿ. ಮೇ 29 ಎಂದೇ ಬಂದರೆ ನಿಮ್ಮ ಆ್ಯಪ್‌ಗೆ `5SA` ಅರ್ಥವಾಗಿಲ್ಲ. ಅದರ ಜೊತೆ ಗುದ್ದಾಡದೆ, ಕೆಳಗೆ ಹೇಳಿರುವ ಪಟ್ಟಿಯ ದಾರಿಗೆ ಹೋಗಿ.

## ಕ್ಯಾಲೆಂಡರ್ ತುಂಬ ಒಂದೇ ರಿಮೈಂಡರ್

ದಿನಾ ಬರುತ್ತಿದೆ, ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು: `BYSETPOS=-1` ಬಿಟ್ಟುಹೋಗಿದೆ. ಸಾಲು ನಿಲ್ಲಿಸಿದಿರಿ, ಎತ್ತಿಕೊಳ್ಳುವುದನ್ನು ಹೇಳಲಿಲ್ಲ. ಕೊನೆಯ ವಾರದಲ್ಲಿ ಐದು ಸಲ ಬರುತ್ತಿದ್ದರೆ ಯಾರೋ `-1MO,-1TU` ಎಂದು ಪ್ರತಿ ವಾರಕ್ಕೂ ಬೇರೆ ಬೇರೆ ಬರೆದಿದ್ದಾರೆ. ಅಂದರೆ ಕೊನೆಯ ಸೋಮವಾರ, ಕೊನೆಯ ಮಂಗಳವಾರ, ಹೀಗೆ. `BYSETPOS`ನಲ್ಲಿ ಮೈನಸ್ ಚಿಹ್ನೆ ಬಿಟ್ಟು ಬರೀ `1` ಎಂದಿದ್ದರೆ ಮೊದಲ ಕೆಲಸದ ದಿನಕ್ಕೆ ಬರುತ್ತದೆ.

ಮೊದಲ ತಿಂಗಳು ಮಾತ್ರ ಒಂದು ಹೆಚ್ಚುವರಿ ಬಂದಿದೆಯೇ? `DTSTART` ಸಾಲಿನ ತಾರೀಖು ನೋಡಿ. ಅದು ನಿಯಮಕ್ಕೆ ಸರಿಹೊಂದುವ ದಿನವೇ ಆಗಿರಬೇಕು. ನೀವು ಕಡತ ಬರೆಯುತ್ತಿರುವ ದಿನವನ್ನು ಹಾಕಿದರೆ ಕ್ಯಾಲೆಂಡರ್ ಅದನ್ನೂ ಒಂದು ಸಲ ಎಂದು ಎಣಿಸಿಕೊಳ್ಳುತ್ತದೆ. ಮೇಲಿನ ಕಡತದಲ್ಲಿ ಜನವರಿ 31 ಹಾಕಿದ್ದು ಅದಕ್ಕೇ, ಅದು ಆ ತಿಂಗಳ ಐದನೇ ಶನಿವಾರ. ನೀವು ಬೇರೆ ತಿಂಗಳಿಂದ ಶುರು ಮಾಡುವುದಾದರೆ ಆ ತಿಂಗಳ ಸರಿಯಾದ ದಿನವನ್ನು ಲೆಕ್ಕಹಾಕಿ ಬರೆಯಿರಿ.

## ಒಂದನೇ ತಾರೀಖು ಬೆಳಗಿನ ಜಾವ ಬರುತ್ತದೆ

ಇದು ಅಪರೂಪ, ಬಂದರೆ ತಲೆ ಕೆಡಿಸುತ್ತದೆ. ಬೆಳಿಗ್ಗೆ ಐದಕ್ಕೇ ಎದ್ದು ಹಾಲು ಅಳೆಯುವ ಡೇರಿಯ ಕಾರ್ಯದರ್ಶಿಯೊಬ್ಬರಿಗೆ ಹೀಗಾಗಿತ್ತು. ಐದು ಗಂಟೆಗೆ ನೆನಪಿಸು ಎಂದು ಇಟ್ಟಿದ್ದು, ಜೂನ್ 30ರ ಬದಲು ಜುಲೈ 1ಕ್ಕೆ ತೋರಿಸುತ್ತಿತ್ತು.

ಕಡತ ತೆರೆದು ನೋಡಿದರೆ ಸಮಯದ ಕೊನೆಯಲ್ಲಿ `Z` ಇತ್ತು: `233000Z`. `Z` ಎಂದರೆ ಜಾಗತಿಕ ಸಮಯ, ನಮಗಿಂತ ಐದೂವರೆ ತಾಸು ಹಿಂದೆ. ನಮ್ಮ ಬೆಳಗಿನ ಐದು ಗಂಟೆ ಅಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ಕ್ಯಾಲೆಂಡರ್ ಅಲ್ಲಿಯ ಲೆಕ್ಕದಲ್ಲಿ ಜೂನ್ 30ರ ರಾತ್ರಿ ಹನ್ನೊಂದೂವರೆಯನ್ನು ಆರಿಸಿತು, ಅದು ನಮಗೆ ಬೆಳಗಾಗುವಾಗ ಜುಲೈ 1. ಬೆಳಿಗ್ಗೆ ಐದೂವರೆಯ ನಂತರದ ಯಾವ ಸಮಯ ಇಟ್ಟರೂ ಈ ತೊಂದರೆ ಕಾಣುವುದಿಲ್ಲ. ಎಷ್ಟೋ ಜನರಿಗೆ ಇದು ಗೊತ್ತಾಗದೇ ಇರುವುದು ಅದರಿಂದಲೇ. ಸಮಯ ಬೇಕೇ ಬೇಕಾದರೆ ಹೀಗೆ ಬರೆಯಿರಿ:

```
DTSTART;TZID=Asia/Kolkata:20260131T050000
```

ಬೇಡವಾದರೆ ಮೇಲಿನ ಕಡತದಂತೆ ಇಡೀ ದಿನದ ರಿಮೈಂಡರ್ ಆಗಿಯೇ ಇರಲಿ. ನನ್ನ ಕೇಳಿದರೆ ಅದೇ ಒಳ್ಳೆಯದು. ಹಿಂದಿನ ಸಂಜೆ ಒಮ್ಮೆ ಸೂಚನೆ ಬರುವ ಹಾಗೆ ಇಟ್ಟುಕೊಂಡರೆ ಬಸ್ಸಿನ ಹೊತ್ತು ನೋಡಿಕೊಳ್ಳಲೂ ಅನುಕೂಲ.

ದಿನ ಸರಿಯಿದೆ, ಮೊಬೈಲ್ ಸದ್ದು ಮಾಡುವುದಿಲ್ಲ ಎಂದಾದರೆ ನಿಯಮದ ತಪ್ಪಲ್ಲ. ಕಡತದಿಂದ ಬಂದದ್ದಕ್ಕೆ ಸೂಚನೆ ಹಾಕಿದೆಯೇ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕ್ಯಾಲೆಂಡರ್ ಆ್ಯಪನ್ನು ಮಲಗಿಸಿದೆಯೇ ನೋಡಿ. ಹೊಸನಗರದಂಥ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗಿ ಕೂತಿರುತ್ತವೆ. ಅಂಗಡಿಯಲ್ಲಿ ನಾನು ಹಾಕಿಕೊಟ್ಟದ್ದು ಮೊಬೈಲಿಗೆ ಇಳಿದಿದೆ ಎಂದು ನೆಟ್‌ವರ್ಕ್ ಇರುವಲ್ಲೇ ಕಣ್ಣಾರೆ ನೋಡಿಕೊಂಡು ಹೋಗಬೇಕು. ಒಮ್ಮೆ ಇಳಿದರೆ ಆಮೇಲೆ ಸಿಗ್ನಲ್ ಇಲ್ಲದಿದ್ದರೂ ಗಂಟೆ ಬಾರಿಸುತ್ತದೆ.

## ಸರಿಯಾದ ದಿನವೇ ಬಂತು, ಆದರೆ ಹಬ್ಬ

ಇಲ್ಲಿ ನಿಯಮದ ಶಕ್ತಿ ಮುಗಿಯುತ್ತದೆ. ಆ ಒಂದು ಸಾಲಿಗೆ ವಾರ ಗೊತ್ತು, ಪಂಚಾಂಗ ಗೊತ್ತಿಲ್ಲ. ಕ್ಯಾಲೆಂಡರಿನಲ್ಲಿ ಭಾರತದ ರಜಾದಿನಗಳನ್ನು ಸೇರಿಸಿಕೊಂಡಿದ್ದರೂ ಅವು ಪಕ್ಕದಲ್ಲಿ ಕಾಣುತ್ತವೆ ಅಷ್ಟೇ, ನಿಮ್ಮ ರಿಮೈಂಡರನ್ನು ತಳ್ಳುವುದಿಲ್ಲ.

2024ರ ಅಕ್ಟೋಬರ್ 31 ನರಕ ಚತುರ್ದಶಿ. 2025ರ ಏಪ್ರಿಲ್ 30 ಬಸವ ಜಯಂತಿ, ಬುಧವಾರ. ಎರಡು ಸಲವೂ ನಿಯಮ ಹಬ್ಬದ ದಿನವನ್ನೇ ತೋರಿಸುತ್ತದೆ, ಬೇಕಾದದ್ದು ಅದರ ಹಿಂದಿನ ದಿನ. ಇಂಥದ್ದಕ್ಕೆ ಕೈಯಿಂದ ಸರಿಸುವುದೇ ಸುಲಭ: ಆ ತಿಂಗಳದ್ದನ್ನು ಎಳೆದು ಹಿಂದಿನ ದಿನಕ್ಕೆ ಹಾಕಿ, ಕೇಳಿದಾಗ `This event` ಎಂದು ಮಾತ್ರ ಒತ್ತಿ. `This and following events` ಅಥವಾ `All events` ಒತ್ತಿದರೆ ಇಡೀ ಸರಣಿ ಅಲುಗಾಡುತ್ತದೆ. ಇನ್ನೂ ಒಂದು ಮಾತು. ಗೂಗಲ್ ಪರದೆಯಲ್ಲಿ ಪುನರಾವರ್ತನೆಯ ಪಟ್ಟಿಯನ್ನು ತೆರೆದು ಬೇರೇನನ್ನಾದರೂ ಆರಿಸಿದರೆ ನೀವು ಕಷ್ಟಪಟ್ಟು ತಳ್ಳಿದ ನಿಯಮ ಹೋಗುತ್ತದೆ, ಅದನ್ನು ಅಲ್ಲಿಂದಲೇ ಮತ್ತೆ ಬರೆಯಲು ಬರುವುದಿಲ್ಲ. `kone.ics` ಕಡತವನ್ನು ಜೋಪಾನವಾಗಿಡಿ.

ಆದರೆ ಒಂದೊಂದು ವರ್ಷ ಒಂದು ದಿನ ಹಿಂದೆ ಹೋದರೆ ಸಾಲುವುದಿಲ್ಲ. 2025ರ ಮಾರ್ಚ್ ನೋಡಿ. ನಿಯಮ ತೋರಿಸುವುದು 31ರ ಸೋಮವಾರ, ಅವತ್ತು ರಂಜಾನ್. ಹಿಂದಿನ ದಿನ 30 ಯುಗಾದಿ, ಅದೂ ಭಾನುವಾರ. ಅದರ ಹಿಂದಿನದು 29, ಶನಿವಾರ. ಎಷ್ಟನೇ ಶನಿವಾರ? 1, 8, 15, 22, 29. ಐದನೆಯದು. ಹಾಗಾಗಿ ರಾಜ್ಯ ಸರ್ಕಾರದ ಕಚೇರಿಯ ಲೆಕ್ಕದಲ್ಲಿ ಕೊನೆಯ ಕೆಲಸದ ದಿನ ಮಾರ್ಚ್ 29. ಸೋಮ–ಶುಕ್ರ ಕಚೇರಿಯವರು ಇನ್ನೂ ಒಂದು ಹೆಜ್ಜೆ ಹಿಂದೆ, 28ರ ಶುಕ್ರವಾರಕ್ಕೆ ಹೋಗಬೇಕು. ಹೀಗೆ ಬೆರಳು ಮಡಚುತ್ತ ಹೋದರೆ ಎಲ್ಲೋ ತಪ್ಪುತ್ತದೆ. ಅದಕ್ಕೆ ಶೀಟ್ ಒಳ್ಳೆಯದು.

ಎಕ್ಸೆಲ್ ಆಗಲಿ ಗೂಗಲ್ ಶೀಟ್ಸ್ ಆಗಲಿ, `A2`ರಿಂದ ಕೆಳಗೆ ಪ್ರತಿ ತಿಂಗಳ ಒಂದನೇ ತಾರೀಖು ಬರೆಯಿರಿ. `F2`ರಿಂದ ಕೆಳಗೆ ಆ ವರ್ಷದ ಎಲ್ಲ ಎರಡನೇ ಮತ್ತು ನಾಲ್ಕನೇ ಶನಿವಾರಗಳು, ಒಟ್ಟು 24, ಅವುಗಳ ಕೆಳಗೆ ಸರ್ಕಾರಿ ರಜಾಪಟ್ಟಿಯ ದಿನಗಳು. `B2`ನಲ್ಲಿ:

```
=WORKDAY.INTL(EOMONTH(A2,0)+1,-1,11,F$2:F$60)
```

ಮುಂದಿನ ತಿಂಗಳ ಒಂದನೇ ತಾರೀಖಿನಲ್ಲಿ ನಿಂತು ಒಂದು ಕೆಲಸದ ದಿನ ಹಿಂದಕ್ಕೆ ಹೋಗು ಎಂದು ಇದರ ಅರ್ಥ. `11` ಎಂದರೆ ವಾರದ ರಜೆ ಭಾನುವಾರ ಒಂದೇ. ಬ್ಯಾಂಕಿನ ಶನಿವಾರಗಳನ್ನು ವಾರದ ರಜೆ ಎಂದು ಹೇಳಲು ಈ ಸೂತ್ರದಲ್ಲಿ ಜಾಗವಿಲ್ಲ, ಅದಕ್ಕೇ ಅವನ್ನು ಹಬ್ಬಗಳ ಜೊತೆ ರಜಾಪಟ್ಟಿಗೆ ಸೇರಿಸಿದ್ದು. ಉತ್ತರ ನಲವತ್ತಾರು ಸಾವಿರ ಚಿಲ್ಲರೆಯ ಒಂದು ಸಂಖ್ಯೆಯಾಗಿ ಬಂದರೆ ಗಾಬರಿ ಬೇಡ, ಆ ಕೋಶಕ್ಕೆ ತಾರೀಖಿನ ರೂಪ ಕೊಡಿ. ಬೇರೆ ತಿಂಗಳ ದಿನ ಬಂದರೆ `A` ಸಾಲಿನಲ್ಲಿ ದಿನ–ತಿಂಗಳು ಅದಲುಬದಲಾಗಿದೆಯೇ ನೋಡಿ.

ಬಂದ ಹನ್ನೆರಡು ತಾರೀಖುಗಳನ್ನು ಸಿಎಸ್‌ವಿ ಕಡತವಾಗಿ ಉಳಿಸಿ ಅದೇ `Import & export` ಬಾಗಿಲಿಂದ ಒಳಗೆ ಹಾಕಬಹುದು. ಮೊದಲ ಸಾಲು `Subject,Start Date,All Day Event` ಎಂದಿರಬೇಕು, ತಾರೀಖು ತಿಂಗಳು ಮೊದಲು ಬರುವ ಕ್ರಮದಲ್ಲಿ, `05/30/2026` ಎಂದು. ಇದು ಸರಣಿಯಲ್ಲ, ಹನ್ನೆರಡು ಬಿಡಿ ರಿಮೈಂಡರ್‌ಗಳು. ಡಿಸೆಂಬರ್ ದಾಟಿದರೆ ಖಾಲಿ, ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಹಬ್ಬದ ತಲೆಬಿಸಿ ಇರುವವರಿಗೆ ನಾನು ಇದನ್ನೇ ಹೇಳುವುದು. ವರ್ಷಕ್ಕೆ ಹತ್ತು ನಿಮಿಷದ ಕೆಲಸ.

## ಎಲ್ಲಿ ಕೈ ಬಿಡಬೇಕು

ಕ್ಯಾಲೆಂಡರ್ ನಿಮ್ಮದಲ್ಲದೆ ಕಚೇರಿಯದ್ದಾಗಿದ್ದು, ಹತ್ತು ಜನ ಅದನ್ನು ನೋಡುತ್ತಿದ್ದರೆ, ಸರಣಿಯನ್ನು ನೀವೇ ಅಳಿಸಿ ಹೊಸದು ಹಾಕಬೇಡಿ. ಎಲ್ಲರಿಗೂ ರದ್ದಾಯಿತು ಎಂಬ ಮೇಲ್ ಹೋಗಬಹುದು. ಅದನ್ನು ನೋಡಿಕೊಳ್ಳುವವರಿಗೆ ಮೇಲಿನ ಒಂದು ಸಾಲು ಕಳುಹಿಸಿದರೆ ಅವರಿಗೆ ಅರ್ಥವಾಗುತ್ತದೆ.

ಮಾರ್ಚ್ ತಿಂಗಳ ಕೊನೆಯನ್ನು ಯಾವ ಸೂತ್ರಕ್ಕೂ ಬಿಡಬೇಡಿ. ಬ್ಯಾಂಕಿಗೂ ಖಜಾನೆಗೂ ಅದು ವರ್ಷದ ಮುಕ್ತಾಯ. ರಜಾಪಟ್ಟಿಯಲ್ಲಿ ರಜೆ ಎಂದಿದ್ದರೂ ಕೆಲವು ವ್ಯವಹಾರಕ್ಕೆ ತೆರೆದಿರಬಹುದು, ತೆರೆದಿದ್ದರೂ ನಿಮ್ಮ ಕೆಲಸ ಆಗದಿರಬಹುದು. ಶಾಖೆಗೆ ಒಂದು ವಾರ ಮೊದಲೇ ಫೋನ್ ಮಾಡಿ ಕೇಳಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಹಿಂದಿನ ಸಂಜೆ ಘೋಷಿಸುವ ಶಾಲಾ ರಜೆಯೂ ಅಷ್ಟೇ, ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗೆಯೇ ತಪ್ಪಿದರೆ ದಂಡ ಬೀಳುವ ಕಂತನ್ನು ಈ ರಿಮೈಂಡರಿನ ದಿನಕ್ಕೆ ನೇತುಹಾಕಬೇಡಿ. ಎರಡು ದಿನ ಮುಂಚಿನದ್ದು ಇನ್ನೊಂದು ಬೇರೆ ಇರಲಿ.

ಭಾವನಿಗೆ ಸದ್ಯಕ್ಕೆ `5SA` ಸಾಲೇ ಸಾಕೆಂದು ತೀರ್ಮಾನವಾಯಿತು. ಹಬ್ಬ ಅಡ್ಡ ಬಂದ ತಿಂಗಳನ್ನು ಅವರೇ ಎಳೆದು ಸರಿಸಿಕೊಳ್ಳುತ್ತಾರಂತೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಐದನೇ ಶನಿವಾರಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದನ್ನಂತೂ ಅವರು ಬಿಟ್ಟಿಲ್ಲ. ಮೊಬೈಲ್ ತೋರಿಸಿದ್ದು ಅದಕ್ಕೆ ತಾಳೆಯಾಗದಿದ್ದರೆ ನನಗೆ ಫೋನ್ ಬರುತ್ತದೆ.